ಮಿಲ್ ಸರ್ಟಿಫಿಕೇಟ್ ನಾವು ಕೊಟ್ಟ ಗ್ರೇಡಿಗೆ ಹೊಂದದ ಕಾರಣ ಕಂಬಿ ರಿಜೆಕ್ಟ್ ಮಾಡಿರೋ ಬಗ್ಗೆ

ದಾವಣಗೆರೆ, 11 ಮಾರ್ಚ್ 2025

ಸಾಹುಕಾರ್ರೆ, ನಮಸ್ಕಾರ.

ಶಾಮನೂರು ರಸ್ತೆ ಹಾಸ್ಟೆಲ್ ಬಿಲ್ಡಿಂಗ್ ಕೆಲಸಕ್ಕೆ ನಿನ್ನೆ ಸಂಜೆ ನಿಮ್ಮ ಚಿತ್ರದುರ್ಗದ ಗೋಡೌನಿಂದ ಬಂದ ಲಾರಿ ಬಗ್ಗೆ ಬರೀತಾ ಇದೀನಿ. ರಾತ್ರಿನೇ ಫೋನಲ್ಲಿ ಹೇಳಿದ್ದೆ, ಆದ್ರೆ ಬಾಯಿಮಾತಲ್ಲಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೆ ಲೆಟರ್ ಕೊಡ್ತಾ ಇದೀನಿ, ವಾಟ್ಸಾಪಿಗೂ ಹಾಕಿದೀನಿ.

ಮಾರ್ಚ್ 3ರ ನಮ್ಮ ಆರ್ಡರಲ್ಲಿ ಎಲ್ಲಾ ಸೈಜಿಗೂ ಐಎಸ್ 1786 ಪ್ರಕಾರ ಎಫ್ಇ 500ಡಿ, ಹೀಟ್ ನಂಬರ್ ಹಾಕಿರೋ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಜೊತೆಗೆ ಅಂತ ಬರೆದಿತ್ತು. ನಿಮ್ಮ ಬಿಲ್ಲಲ್ಲೂ 500ಡಿ ಅಂತಲೇ ಐತೆ. ಆದ್ರೆ 16 ಎಂಎಂ (4.1 ಟನ್) ಮತ್ತು 20 ಎಂಎಂ (2.6 ಟನ್) ಜೊತೆ ಡ್ರೈವರ್ ಕೊಟ್ಟ ಸರ್ಟಿಫಿಕೇಟಲ್ಲಿ ಗ್ರೇಡ್ ಬರೀ ಎಫ್ಇ 500. ಕಂಬಿ ಮೇಲಿನ ಅಚ್ಚು ನೋಡಿದ್ವಿ, ಅಲ್ಲೂ 500 ಅಷ್ಟೇ, ಡಿ ಇಲ್ಲ. ಹಂಗಾಗಿ ಇದು ಟೈಪಿಂಗ್ ಮಿಸ್ಟೇಕ್ ಅನ್ನೋ ಮಾತಿಗೆ ಜಾಗ ಇಲ್ಲ, ಮಾಲೇ ಬೇರೆ.

"ಎರಡೂ 500ನೇ ಅಲ್ವಾ, ಸ್ಟ್ರೆಂತ್ ಒಂದೇ" ಅಂದ್ರಿ ನೀವು. ಯೀಲ್ಡ್ ಒಂದೇ ಅನ್ನೋದು ನಿಜ, ಸರ್ಟಿಫಿಕೇಟಲ್ಲಿ 16 ಎಂಎಂಗೆ 521 ಐತೆ, ಸಾಕು. ಆದ್ರೆ ನಾವು ದುಡ್ಡು ಕೊಡ್ತಿರೋದು ಆ ಡಿಗೆ, ಅಂದ್ರೆ ಲೋಡ್ ಮೀರಿದಾಗ ಪಟ್ ಅಂತ ಮುರಿಯದೆ ಹಿಗ್ಗೋ ಗುಣಕ್ಕೆ. 500ಡಿಗೆ ಎಲಾಂಗೇಶನ್ ಕಮ್ಮಿ ಅಂದ್ರೂ 16 ಪರ್ಸೆಂಟ್ ಇರ್ಬೇಕು, ನಿಮ್ಮ ಸರ್ಟಿಫಿಕೇಟಲ್ಲಿ 13.8. ಕಾರ್ಬನ್ 0.25 ದಾಟಬಾರದು, ಇಲ್ಲಿ 0.28. ಸಲ್ಫರ್ ಫಾಸ್ಫರಸ್ ಎರಡೂ ಸೇರಿ 0.075ರೊಳಗೆ ಇರ್ಬೇಕು, ಇಲ್ಲಿ 0.090. ಟೆನ್ಸೈಲ್ ಯೀಲ್ಡಿಗಿಂತ ಕನಿಷ್ಠ 1.10 ಪಟ್ಟು ಬೇಕು, 568ನ್ನ 521ರಿಂದ ಭಾಗಿಸಿದ್ರೆ 1.09 ಬರ್ತದೆ. 20 ಎಂಎಂದೂ ಇದೇ ಕಥೆ. ಬರೀ 500 ಅಂತ ನೋಡಿದ್ರೆ ಎಲ್ಲಾ ಪಾಸೇ, ಮಾಲು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ, ನಾವು ಕೇಳಿದ್ದಲ್ಲ ಅಂತ ಹೇಳ್ತಾ ಇದೀನಿ. ಈ ಎರಡೂ ಸೈಜ್ ಕಾಲಮ್ಮಿಗೆ ಹೋಗೋವು, ಮೇಲೆ ಮೂರು ಫ್ಲೋರ್ ಬರ್ತದೆ, ಅದ್ರಲ್ಲಿ ಮಕ್ಕಳು ಮಲಗ್ತಾರೆ. ಡಿಸೈನ್ ಮಾಡಿದೋರು 500ಡಿ ಅಂತ ಡ್ರಾಯಿಂಗಲ್ಲಿ ಬರೆದ ಮೇಲೆ ಅದನ್ನ ಬದಲಾಯಿಸೋ ಹಕ್ಕು ನಂಗೂ ಇಲ್ಲ ನಿಮಗೂ ಇಲ್ಲ.

12 ಎಂಎಂ (3.2 ಟನ್) ತೊಂದ್ರೆ ಬೇರೆ ತರದ್ದು. ಸರ್ಟಿಫಿಕೇಟ್ ಎಫ್ಇ 500ಡಿದೇ, ರಿಸಲ್ಟೂ ಚೆನ್ನಾಗೈತೆ, ಆದ್ರೆ ಅದರಲ್ಲಿರೋ ಹೀಟ್ ನಂಬರ್ ಒಂದು, ಕಟ್ಟಿನ ಟ್ಯಾಗಲ್ಲಿರೋ ನಂಬರ್ ಇನ್ನೊಂದು. ಬೇರೆ ಹೀಟಿನ ಪೇಪರ್ ಇಟ್ಕೊಂಡು ಈ ಕಂಬಿಗೆ ಏನಂತ ಸೈನ್ ಹಾಕ್ಲಿ? ಟ್ಯಾಗಿನ ನಂಬರಿಗೆ ಸರಿಯಾದ ಸರ್ಟಿಫಿಕೇಟ್ ಮಿಲ್ಲಿಂದಲೇ ನೇರವಾಗಿ ನಮಗೆ ಮೇಲ್ ಬಂದ್ರೆ, ಹೊರಗಿನ ಲ್ಯಾಬಲ್ಲಿ ಪೀಸ್ ಟೆಸ್ಟ್ ಮಾಡಿಸಿ ಪಾಸಾದ್ರೆ ಇದನ್ನ ತಗೋತೀವಿ, ಟೆಸ್ಟ್ ಖರ್ಚು ನಿಮ್ದು. ಗುರುವಾರದೊಳಗೆ ಮೇಲ್ ಬರ್ಲಿಲ್ಲ ಅಂದ್ರೆ ಅದೂ ವಾಪಸ್.

ರಿಂಗಿಗೆ ತರಿಸಿದ 8 ಎಂಎಂ (1.9 ಟನ್) ಗ್ರೇಡೂ ಹೀಟ್ ನಂಬರೂ ಎರಡೂ ಸರಿ ಐತೆ, ಅದನ್ನ ಇಟ್ಕೊಂಡಿದೀವಿ.

ಸೆಕ್ಯೂರಿಟಿ ಹುಡುಗ ಚಲನ್ ಮೇಲೆ ಸೈನ್ ಹಾಕಿದಾನೆ ಅಂತ ನಿಮ್ಮ ಗುಮಾಸ್ತರು ಅಂದ್ರು. ಅದು ಲಾರಿ ಬಂತು, ತೂಕ ಆಯ್ತು ಅನ್ನೋದಕ್ಕೆ ಸೈನು, ಮಾಲು ಒಪ್ಪಿದ್ದಕ್ಕಲ್ಲ. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ ಪರೀಕ್ಷೆ ಮಾಡಿ ನೋಡೋ ಅವಕಾಶ ಖರೀದಿ ಮಾಡೋನಿಗೆ ಐತೆ, ಒಪ್ಪಲ್ಲ ಅಂತ ತಿಳಿಸಿದ್ರೆ ಸಾಕು, ವಾಪಸ್ ಹೊತ್ತು ತಂದು ಕೊಡೋ ಜವಾಬ್ದಾರಿ ಅವನದಲ್ಲ. ಹಂಗಾಗಿ 16 ಮತ್ತು 20 ಎಂಎಂ ಒಪ್ಪಲ್ಲ ಅಂತ ಈ ಲೆಟರ್ ಮೂಲಕ ತಿಳಿಸ್ತಾ ಇದೀನಿ. ಒಂದು ಕಂಬಿನೂ ಕಟ್ ಮಾಡಿಲ್ಲ, ಕೆಂಪು ಟೇಪ್ ಸುತ್ತಿ ಕಾಂಪೌಂಡ್ ಪಕ್ಕ ಬೇರೆ ಇಟ್ಟಿದೀವಿ, ಟ್ಯಾಗ್, ಅಚ್ಚು, ವೇಬ್ರಿಡ್ಜ್ ಸ್ಲಿಪ್ ಎಲ್ಲದರ ಫೋಟೋ ಕಳಿಸಿದೀನಿ.

ಕೆಜಿಗೆ ಎರಡು ರೂಪಾಯಿ ಬಿಡ್ತೀನಿ ಇಟ್ಕಳ್ಳಿ ಅಂದ್ರಲ್ಲ, ದಯವಿಟ್ಟು ಆ ಮಾತು ಮತ್ತೆ ಬ್ಯಾಡ.

13ನೇ ತಾರೀಕು ಗುರುವಾರ ಸಂಜೆಯೊಳಗೆ ನಿಮ್ಮ ಲಾರಿ ಕಳಿಸಿ ಎತ್ತಿಸ್ಕೊಳ್ಳಿ, ಆಮೇಲೆ ಹೋಳಿ, ಹಮಾಲರು ಸಿಗಲ್ಲ. ಲೋಡಿಂಗು, ಬಾಡಿಗೆ ನಿಮ್ಮ ಕಡೆಯಿಂದ. ಬದಲಿ ಮಾಲು 18ರೊಳಗೆ ಸೈಟಿಗೆ ಬರ್ಬೇಕು, ಲಾರಿ ಗೋಡೌನ್ ಬಿಡೋಕೆ ಮುಂಚೆ ಪ್ರತಿ ಕಟ್ಟಿನ ಟ್ಯಾಗ್ ಮತ್ತು ಸರ್ಟಿಫಿಕೇಟ್ ಫೋಟೋ ನಂಗೆ ಕಳಿಸಿ, ನಾನು ಹೂಂ ಅಂದ ಮೇಲೇ ಹೊರಡ್ಲಿ. 18ರೊಳಗೆ ಆಗಲ್ಲ ಅಂದ್ರೆ ನಾಳೆನೇ ಹೇಳಿಬಿಡಿ, ನಾವು ಬೇರೆ ಕಡೆ ತಗೋತೀವಿ, ಆಗ ರಿಜೆಕ್ಟ್ ಆದ ತೂಕಕ್ಕೆ ಜಿಎಸ್‌ಟಿ ಸೇರಿಸಿ ಕ್ರೆಡಿಟ್ ನೋಟ್ ಕೊಟ್ಟು, ಕೊಟ್ಟಿರೋ 4 ಲಕ್ಷ ಅಡ್ವಾನ್ಸಲ್ಲಿ 8 ಎಂಎಂ ಬಿಲ್ ಹಿಡ್ಕೊಂಡು ಉಳಿದಿದ್ದನ್ನ ವಾಪಸ್ ಹಾಕಿ, 12 ಎಂಎಂ ಪಾಸಾದ್ರೆ ಅದರದ್ದೂ ಹಿಡ್ಕೊಳ್ಳಿ. ಇದು ಇತ್ಯರ್ಥ ಆಗೋವರೆಗೂ ಬಾಕಿ ಪೇಮೆಂಟ್ ಮಾಡಲ್ಲ.

ಇಂತಿ,
ಸೈಟ್ ಇಂಜಿನಿಯರ್
ಹಾಸ್ಟೆಲ್ ಕಟ್ಟಡ ಕಾಮಗಾರಿ, ಶಾಮನೂರು ರಸ್ತೆ, ದಾವಣಗೆರೆ

ಜೊತೆಗೆ: ಆರ್ಡರ್ ಕಾಪಿ, ನಿಮ್ಮ ಬಿಲ್, ನಾಲ್ಕು ಸೈಜಿನ ಸರ್ಟಿಫಿಕೇಟ್ ಜೆರಾಕ್ಸ್, ಫೋಟೋಗಳು