ಜನವರಿ 12ರ ಅಡಿಕೆ ಖರೀದಿ ತಂತ್ರಾಂಶ ಸ್ಥಗಿತ: ಕಾರಣ ಮತ್ತು ತಡೆಯುವ ಕ್ರಮ

ಗೆ: ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು
ಇಂದ: ಗಣಕ ವಿಭಾಗ, ಪ್ರಧಾನ ಕಚೇರಿ, ಬದಿಯಡ್ಕ
ದಿನಾಂಕ: 14 ಜನವರಿ 2026

ಮಾನ್ಯರೇ,

ಸೋಮವಾರ ಬೆಳಿಗ್ಗೆ 10:42ರಿಂದ ಮಧ್ಯಾಹ್ನ 1:27ರ ತನಕ, ಎಂದರೆ 2 ಗಂಟೆ 45 ನಿಮಿಷ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಹೊಸಂಗಡಿ ಶಾಖೆಗಳಲ್ಲಿ ಖರೀದಿ ಬಿಲ್ ಆಗಲಿಲ್ಲ. ಹೊಸ ಚಾಲಿ ಬರುತ್ತಿರುವ ದಿನಗಳಾದ್ದರಿಂದ ಅಂಗಳದಲ್ಲಿ ಜೀಪು, ರಿಕ್ಷಾ ಸಾಲುಗಟ್ಟಿದ್ದವು. 61 ಕೃಷಿಕರ ಹಣ ಸೋಮವಾರದ ಬದಲು ಮಂಗಳವಾರ ಖಾತೆಗೆ ಬಿತ್ತು. ಉಳಿಸಿದ ಬಿಲ್ ಒಂದೂ ಹೋಗಿಲ್ಲ. ತಂತ್ರಾಂಶ ನಿಂತ ಗಳಿಗೆಯಲ್ಲಿ ಬರೆಯುತ್ತಿದ್ದ 7 ಬಿಲ್ಲುಗಳನ್ನು ಮಾತ್ರ ತೂಕ ಚೀಟಿ ನೋಡಿ ಮತ್ತೆ ಹಾಕಿದ್ದೇವೆ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಜನವರಿ 2ರಿಂದ 12ರ ವರೆಗೆ ಸಂಘದ ಲೆಕ್ಕಕ್ಕೆ ಬ್ಯಾಕಪ್ ಇರಲಿಲ್ಲ. ಸೋಮವಾರ ಸರ್ವರಿನ ಡಿಸ್ಕ್ ತುಂಬಿ ನಿಂತಿತು; ತುಂಬುವ ಬದಲು ಅದು ಕೆಟ್ಟುಹೋಗಿದ್ದರೆ ಹತ್ತು ದಿನಗಳ ಖರೀದಿಯನ್ನು ಚೀಟಿಗಳಿಂದಲೇ ಕಟ್ಟಬೇಕಾಗುತ್ತಿತ್ತು. ಮಂಡಳಿ ಹೆಚ್ಚು ಗಮನ ಕೊಡಬೇಕಾದುದು ಈ ಹತ್ತು ದಿನಗಳಿಗೆ.

ಆದದ್ದೇನು

ನಮ್ಮ ಲೆಕ್ಕ ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ. ಅದರ ಕ್ರಮ ಹಳೆಯ ಗುಮಾಸ್ತರ ಕ್ರಮವೇ. ಬಂದ ವ್ಯವಹಾರವನ್ನು ಮೊದಲು ದಿನವಹಿಗೆ ಬರೆಯುತ್ತದೆ, ಆಮೇಲೆ ಲೆಡ್ಜರಿಗೆ ಏರಿಸುತ್ತದೆ. ನಡುವೆ ಕರೆಂಟು ಹೋದರೂ ದಿನವಹಿ ನೋಡಿ ಲೆಡ್ಜರನ್ನು ಸರಿಮಾಡಿಕೊಳ್ಳುತ್ತದೆ. ಈ ದಿನವಹಿ 16 ಎಂಬಿಯ ಕಡತಗಳಲ್ಲಿರುತ್ತದೆ. ನಮ್ಮಲ್ಲಿ 5 ನಿಮಿಷಕ್ಕೊಂದರಂತೆ ಕಡತ ಮುಚ್ಚಿ, ಪಕ್ಕದ ಕೋಣೆಯ ಬ್ಯಾಕಪ್ ಪೆಟ್ಟಿಗೆಗೆ ಕಳಿಸುವ ವ್ಯವಸ್ಥೆ ಇದೆ. ಕಡತ ತಲುಪಿತು ಎಂಬ ಉತ್ತರ ಬರುವ ತನಕ ಡೇಟಾಬೇಸ್ ಅದನ್ನು ಅಳಿಸುವುದಿಲ್ಲ. ಗೋದಾಮಿನಿಂದ ರಶೀದಿ ಬಾರದೆ ಚೀಟಿ ಹರಿಯದ ಹಾಗೆ. ಈ ಹಟ ಸರಿಯಾದದ್ದು, ಅದನ್ನು ಸಡಿಲಿಸುವ ಯೋಚನೆ ನಮಗಿಲ್ಲ.

ಜನವರಿ 2ರಂದು ಬೆಳಿಗ್ಗೆ 11 ಗಂಟೆಗೆ, ಭದ್ರತಾ ನಿಯಮದಂತೆ ಬ್ಯಾಕಪ್ ಪೆಟ್ಟಿಗೆಯ ಪಾಸ್‌ವರ್ಡ್ ಬದಲಾಯಿಸಿದೆವು. ಅದೇ ಪಾಸ್‌ವರ್ಡ್ ಸರ್ವರಿನ ಎರಡು ಕಡೆ ಬಳಕೆಯಲ್ಲಿತ್ತು: ದಿನವಹಿ ಕಳಿಸುವಲ್ಲಿ ಮತ್ತು ರಾತ್ರಿಯ ಪೂರ್ಣ ಬ್ಯಾಕಪ್ಪಿನಲ್ಲಿ. ಎರಡನ್ನೂ ಬದಲಾಯಿಸಲಿಲ್ಲ, ಯಾಕೆಂದರೆ ಯಾವ ಪಾಸ್‌ವರ್ಡ್ ಎಲ್ಲೆಲ್ಲಿ ಬಳಕೆಯಲ್ಲಿದೆ ಎಂಬ ಪಟ್ಟಿಯೇ ನಮ್ಮಲ್ಲಿರಲಿಲ್ಲ. ಆ ಗಳಿಗೆಯಿಂದ ಎರಡೂ ನಿಂತವು. ಸರ್ವರಿನ ದಾಖಲೆಯಲ್ಲಿ ಈ ಸಾಲು ಹತ್ತು ದಿನವೂ ಬರುತ್ತಲೇ ಇತ್ತು:

```
LOG:  archive command failed with exit code 1
```

ಅದು ದಾಖಲೆಯೊಳಗೇ ಉಳಿಯಿತು. ಯಾರ ಮೊಬೈಲಿಗೂ ಹೋಗುವ ಏರ್ಪಾಡು ಇರಲಿಲ್ಲ.

ಉಳಿದದ್ದು ಬರೀ ಲೆಕ್ಕ. ದಿನಕ್ಕೆ 288 ಕಡತ, ತಲಾ 16 ಎಂಬಿ, ಒಟ್ಟು 4.5 ಜಿಬಿ. ಡಿಸ್ಕಿನಲ್ಲಿ ಖಾಲಿ ಇದ್ದದ್ದು 45 ಜಿಬಿ. ಹತ್ತನೇ ದಿನ ಜಾಗ ಮುಗಿಯಿತು. ದಿನವಹಿ ಬರೆಯಲು ಜಾಗವಿಲ್ಲದಾಗ ಡೇಟಾಬೇಸ್ ತಪ್ಪು ಲೆಕ್ಕ ಬರೆಯುವ ಬದಲು ತಾನೇ ನಿಲ್ಲುತ್ತದೆ. ಸೋಮವಾರ ಆದದ್ದು ಅದು.

ಸರಿಪಡಿಸಲು ಇಷ್ಟು ಹೊತ್ತು ಯಾಕೆ

ಮೊದಲ 28 ನಿಮಿಷ ವ್ಯರ್ಥವಾಯಿತು. ನೆಟ್‌ವರ್ಕ್ ತೊಂದರೆಯೆಂದು ತಿಳಿದು ಎರಡು ಬಾರಿ ಸರ್ವರ್ ಆಫ್ ಮಾಡಿ ಆನ್ ಮಾಡಿದೆವು. ಡಿಸ್ಕ್ ತುಂಬಿರುವಾಗ ಅದರಿಂದ ಏನೂ ಆಗದು. 11:10ಕ್ಕೆ ದಾಖಲೆ ತೆರೆದಾಗ `No space left on device` ಎಂಬ ಸಾಲು ಕಂಡಿತು.

ಆಗ ಸುಲಭವಾಗಿ ಕಾಣುವ ದಾರಿ, ರಾಶಿಬಿದ್ದ ದಿನವಹಿ ಕಡತಗಳನ್ನು ಅಳಿಸಿ ಜಾಗ ಮಾಡುವುದು. ಹಾಗೆ ಮಾಡಲಿಲ್ಲ, ಮುಂದೆಯೂ ಯಾರೂ ಮಾಡಬಾರದು. ಅದರಲ್ಲಿ ಲೆಡ್ಜರಿಗೆ ಇನ್ನೂ ಏರದ ವ್ಯವಹಾರಗಳಿರುತ್ತವೆ. ಅಳಿಸಿದರೆ ಡೇಟಾಬೇಸ್ ಮತ್ತೆ ಏಳದೆಯೂ ಇರಬಹುದು. ಬ್ಯಾಕಪ್ ಇಲ್ಲದ ಆ ಹೊತ್ತಿನಲ್ಲಿ ಅದು ಸಂಘದ ಲೆಕ್ಕವನ್ನೇ ಪಣಕ್ಕಿಟ್ಟಂತೆ. ಆದ್ದರಿಂದ ಮೊದಲು ಇಡೀ 140 ಜಿಬಿಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಅದಕ್ಕೆ ಸುಮಾರು 25 ನಿಮಿಷ ಹಿಡಿಯಿತು. ನಂತರ ಡೇಟಾಬೇಸಿಗೆ ಸಂಬಂಧವಿಲ್ಲದ ಹಳೆಯ ಕಡತಗಳನ್ನು ಸರಿಸಿ 6 ಜಿಬಿ ಜಾಗ ಮಾಡಿದೆವು. 12:05ಕ್ಕೆ ಡೇಟಾಬೇಸ್ ಎದ್ದಿತು. 12:40ರೊಳಗೆ ಪಾಸ್‌ವರ್ಡ್ ಸರಿಮಾಡಿ, ಉಳಿದಿದ್ದ ಕಡತಗಳೆಲ್ಲ ಪೆಟ್ಟಿಗೆಗೆ ಹೋದದ್ದನ್ನು ನೋಡಿದೆವು. ಆಮೇಲೆ ಐದೂ ಶಾಖೆಗಳ ಬೆಳಗಿನ ಮೊತ್ತವನ್ನು ತೂಕ ಚೀಟಿಗಳೊಂದಿಗೆ ತಾಳೆ ನೋಡಿಯೇ ಕೌಂಟರ್ ತೆರೆದದ್ದು. ಆ 47 ನಿಮಿಷ ಕೃಷಿಕರಿಗೆ ಉದ್ದವಾಯಿತು ಎಂಬುದು ಗೊತ್ತು. ಆದರೆ ಅವರ ಹಣದ ಲೆಕ್ಕವನ್ನು ತಾಳೆ ನೋಡದೆ ತೆರೆಯಲು ಮನಸ್ಸು ಒಪ್ಪಲಿಲ್ಲ.

ಮತ್ತೆ ಆಗದಂತೆ

ದೊಡ್ಡ ಡಿಸ್ಕ್ ತಂದರಾಯಿತಲ್ಲ ಎಂದು ಕೆಲವು ಸದಸ್ಯರು ಕೇಳಿದ್ದಾರೆ. 90 ಜಿಬಿ ಖಾಲಿ ಇದ್ದಿದ್ದರೆ 20ನೇ ದಿನ ನಿಲ್ಲುತ್ತಿತ್ತು, ಬ್ಯಾಕಪ್ ಇಲ್ಲದ ದಿನಗಳೂ 20 ಆಗುತ್ತಿದ್ದವು. ಬೇಕಾಗಿರುವುದು ತಪ್ಪು ಆದ ದಿನವೇ ನಮಗೆ ತಿಳಿಯುವುದು.

ಮಂಗಳವಾರದಿಂದಲೇ, ಕೊನೆಯ ದಿನವಹಿ ಕಡತ ಪೆಟ್ಟಿಗೆಗೆ ತಲುಪಿ 30 ನಿಮಿಷ ದಾಟಿದರೆ ಇಬ್ಬರ ಮೊಬೈಲಿಗೆ ಎಸ್‌ಎಂಎಸ್ ಬರುತ್ತದೆ. ಇಬ್ಬರು ಯಾಕೆಂದರೆ ಒಬ್ಬರು ರಜೆಯಲ್ಲಿರಬಹುದು. ಈ ಏರ್ಪಾಡು ಆಗ ಇದ್ದಿದ್ದರೆ ಜನವರಿ 2ರಂದು ಊಟದ ಹೊತ್ತಿಗೆ ಮುಂಚೆಯೇ ಗೊತ್ತಾಗುತ್ತಿತ್ತು. ಡಿಸ್ಕ್ ಶೇ. 70 ಮತ್ತು ಶೇ. 85 ತುಂಬಿದಾಗಲೂ ಹಾಗೆಯೇ ಎಸ್‌ಎಂಎಸ್. ಎಸ್‌ಎಂಎಸ್ ಕಳಿಸುವ ಯಂತ್ರವೇ ನಿಂತರೆ ತಿಳಿಯಲೆಂದು, ದಿನಾ ಬೆಳಿಗ್ಗೆ 8 ಗಂಟೆಗೆ ‘ಎಲ್ಲ ಸರಿ’ ಎಂಬ ಸಂದೇಶವೂ ಬರುತ್ತದೆ. ಅದು ಬಾರದಿದ್ದರೆ ವಿಚಾರಿಸಬೇಕು.

ಪಾಸ್‌ವರ್ಡ್ ಬಳಕೆಯ ಪಟ್ಟಿ ಸಿದ್ಧವಾಗಿದೆ, ಒಟ್ಟು 14 ಕಡೆ. ಇನ್ನು ಮುಂದೆ ಪಾಸ್‌ವರ್ಡ್ ಬದಲಾಯಿಸಿದವರು ಪಟ್ಟಿಯ ಪ್ರತಿಯೊಂದನ್ನೂ ಪರೀಕ್ಷಿಸಿ ಸಹಿ ಹಾಕಬೇಕು. ಡಿಸ್ಕಿನಲ್ಲಿ 5 ಜಿಬಿಯ ಖಾಲಿ ಕಡತವೊಂದನ್ನು ಮೀಸಲು ಇಟ್ಟಿದ್ದೇವೆ. ತುರ್ತಿನಲ್ಲಿ ಅದೊಂದನ್ನು ಅಳಿಸಿದರೆ ಜಾಗ ಹುಡುಕುವ ಕೆಲಸ ತಪ್ಪುತ್ತದೆ.

ಬ್ಯಾಕಪ್ ಇದೆ ಎಂದರೆ ಸಾಲದು, ಅದರಿಂದ ಲೆಕ್ಕ ಮರಳಿ ಏಳಬೇಕು. ಪ್ರತಿ ತಿಂಗಳ ಎರಡನೇ ಶನಿವಾರ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಒಂದು ಶಾಖೆಯ ಹಿಂದಿನ ದಿನದ ಖರೀದಿ ಮೊತ್ತವನ್ನು ತಾಳೆ ನೋಡಿ ಕಾರ್ಯದರ್ಶಿಯವರಿಗೆ ವರದಿ ಕೊಡುತ್ತೇವೆ.

ಮಂಡಳಿಯ ಒಪ್ಪಿಗೆ ಬೇಕಾದವು

ಈ ಪರೀಕ್ಷೆಗೆ ಬೇಕಾದ ಕಂಪ್ಯೂಟರಿಗೆ ರೂ. 48,000. ಎಸ್‌ಎಂಎಸ್ ಸೇವೆಗೆ ವರ್ಷಕ್ಕೆ ರೂ. 6,000. ಶಾಖೆಗೆ ಎರಡರಂತೆ 10 ರಶೀದಿ ಪುಸ್ತಕಗಳಿಗೆ ರೂ. 2,500. ಕನ್ನಡ ಮತ್ತು ಮಲಯಾಳ ಎರಡರಲ್ಲೂ ಮುದ್ರಿಸಿ, ಕ್ರಮಸಂಖ್ಯೆ ಹಾಕಿರಬೇಕು. ಹೊಸತು, ಹಳತು, ಪಟೋರ, ಕೋಕಕ್ಕೆ ಬೇರೆ ಬೇರೆ ಕಾಲಮ್ ಇರಲಿ. ಸೋಮವಾರ ಪೆರ್ಲದಲ್ಲಿ ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಚೀಟಿಗಳಲ್ಲಿ ದರ್ಜೆ ನಮೂದಾಗದೆ, ಮರುದಿನ ಕೃಷಿಕರಿಗೆ ಫೋನ್ ಮಾಡಿ ಕೇಳಬೇಕಾಯಿತು. ಈ ಪುಸ್ತಕವಿದ್ದರೆ ತಂತ್ರಾಂಶ ನಿಂತರೂ ತೂಕ ನಿಲ್ಲುವುದಿಲ್ಲ, ಗೋಣಿ ಹೊತ್ತು ತಂದವರು ರಶೀದಿ ಹಿಡಿದು ಮನೆಗೆ ಹೋಗಬಹುದು. ಮೂರರಲ್ಲಿ ಇದನ್ನು ಮೊದಲು ಮಂಜೂರು ಮಾಡಬೇಕೆಂದು ವಿನಂತಿ. ಮುದ್ರಣಕ್ಕೆ 4 ದಿನ ಬೇಕು.

ಇತಿ,
ಗಣಕ ವಿಭಾಗ