ರಿಪೋರ್ಟಿಂಗ್ ವ್ಯವಸ್ಥೆಯ ಮರುರಚನೆಗೆ ಮುನ್ನ: ಬಲಕ್ಷೇತ್ರ ವಿಶ್ಲೇಷಣೆ ಮತ್ತು ಬದಲಾವಣೆಗೆ ಸಿದ್ಧತೆಯ ಮೌಲ್ಯಮಾಪನ

ನಿರ್ದೇಶಕ ಮಂಡಳಿಯ ಸಭೆಗಾಗಿ
ಭೋಸರಿ, ಪುಣೆ, ಜನವರಿ 2026

ಪ್ರಸ್ತಾಪ ಮತ್ತು ಅಭಿಪ್ರಾಯ

ಹೋಟೆಲುಗಳಿಗೆ ಸ್ಟೀಲಿನ ಅಡುಗೆ ಸಲಕರಣೆಗಳನ್ನು ತಯಾರಿಸುವ ಈ ಸಂಸ್ಥೆಯಲ್ಲಿ 86 ಮಂದಿ ಕೆಲಸ ಮಾಡುತ್ತಿದ್ದಾರೆ. ಏಪ್ರಿಲ್ 1ರಿಂದ ಜಾರಿಗೆ ತರಲು ಉದ್ದೇಶಿಸಿರುವ ಹೊಸ ರಚನೆಯಲ್ಲಿ ಸ್ಥಾಪಕರು ಅಧ್ಯಕ್ಷರಾಗಿ ಉಳಿಯುತ್ತಾರೆ. ಹಿರಿಯ ಮಗ ವ್ಯವಸ್ಥಾಪಕ ನಿರ್ದೇಶಕರಾಗುತ್ತಾರೆ. ಉತ್ಪಾದನೆ ಮತ್ತು ಡಿಸ್ಪ್ಯಾಚ್ ಹೊರಗಿನಿಂದ ಬರುವ ಜನರಲ್ ಮ್ಯಾನೇಜರ್ ಕೈಗೆ ಹೋಗುತ್ತವೆ. ಖರೀದಿ ಮತ್ತು ಸ್ಟೋರ್ಸ್ ವಿಭಾಗಗಳು ಹಣಕಾಸು ನೋಡಿಕೊಳ್ಳುವ ಮಗಳಿಗೆ ಉತ್ತರ ಹೇಳಬೇಕಾಗುತ್ತದೆ. ಮಾರಾಟವು ಈಗಿನಂತೆ ಕಿರಿಯ ಮಗನ ಬಳಿಯೇ ಇರುತ್ತದೆ.

ಕಾಗದದ ಮೇಲೆ ಈ ರಚನೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅದನ್ನು ಏಪ್ರಿಲ್ 1ರಂದು ಒಟ್ಟಿಗೇ ಜಾರಿಗೊಳಿಸಲು ಸಂಸ್ಥೆ ಸಿದ್ಧವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿದ್ಧತೆಯ ಕೊರತೆ ಇರುವುದು ಕಾರ್ಮಿಕರಲ್ಲೋ ಸೂಪರ್‌ವೈಸರುಗಳಲ್ಲೋ ಅಲ್ಲ, ಮಂಡಳಿಯ ಮೇಜಿನ ಸುತ್ತಲೇ. ಇದನ್ನು ಸುತ್ತಿ ಬಳಸಿ ಹೇಳಿದರೆ ವರದಿಯಿಂದ ಪ್ರಯೋಜನವಿಲ್ಲವಾದ್ದರಿಂದ ಮೊದಲಿಗೇ ಹೇಳಿದ್ದೇನೆ.

ವಿಧಾನ

ಬಲಕ್ಷೇತ್ರ ವಿಶ್ಲೇಷಣೆ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಚಿಂತನೆಯಿಂದ ಬಂದದ್ದು. ಯಾವುದೇ ಸಂಸ್ಥೆಯ ಇಂದಿನ ಸ್ಥಿತಿ ತಾನಾಗಿ ನಿಂತಿರುವುದಲ್ಲ, ಮುಂದೆ ತಳ್ಳುವ ಬಲಗಳೂ ಹಿಂದೆ ಹಿಡಿಯುವ ಬಲಗಳೂ ಒಂದನ್ನೊಂದು ಸರಿದೂಗಿಸುವುದರಿಂದ ನಿಂತಿರುವುದು ಎಂಬುದು ಅದರ ತಿರುಳು. ಅದರಿಂದ ಹೊರಡುವ ಮುಖ್ಯ ಪಾಠವೊಂದಿದೆ: ತಳ್ಳುವ ಬಲವನ್ನಷ್ಟೇ ಹೆಚ್ಚಿಸಿದರೆ ಸಂಸ್ಥೆ ಸ್ವಲ್ಪ ಸರಿದೀತು, ಆದರೆ ಒಳಗಿನ ಬಿಗುವು ಹೆಚ್ಚುತ್ತದೆ, ಹಿಡಿಯುವ ಬಲವನ್ನು ಸಡಿಲಿಸಿದರೆ ಅಷ್ಟೇ ದೂರ ಕಡಿಮೆ ಘರ್ಷಣೆಯಲ್ಲಿ ಸಾಗಬಹುದು.

ಸಿದ್ಧತೆಯನ್ನು ಅಳೆಯಲು ಅರ್ಮೆನಾಕಿಸ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಐದು ನಂಬಿಕೆಗಳ ಚೌಕಟ್ಟನ್ನು ಬಳಸಿದ್ದೇನೆ. ಬದಲಾವಣೆ ಬೇಕೇ, ಈ ಬದಲಾವಣೆಯೇ ಸರಿಯೇ, ನಮ್ಮಿಂದ ಆದೀತೇ, ಮೇಲಿನವರು ನಿಜಕ್ಕೂ ಜೊತೆಗಿದ್ದಾರೆಯೇ, ಇದರಿಂದ ನನಗೇನು ಎಂಬ ಐದು ಪ್ರಶ್ನೆಗಳಿಗೆ 1ರಿಂದ 5ರವರೆಗೆ ಅಂಕ ಕೇಳಲಾಯಿತು. ಕುಟುಂಬದ ಐವರು, ವಿಭಾಗದ ಏಳು ಮುಖ್ಯಸ್ಥರು ಮತ್ತು ಹನ್ನೆರಡು ಸೂಪರ್‌ವೈಸರುಗಳನ್ನು ಪ್ರತ್ಯೇಕವಾಗಿ ಮಾತನಾಡಿಸಿದ್ದೇನೆ. ಕಾರ್ಮಿಕರೊಂದಿಗೆ ಮರಾಠಿ ಮತ್ತು ಹಿಂದಿಯಲ್ಲಿ, ಕಲಬುರಗಿ ಕಡೆಯಿಂದ ಬಂದ ವೆಲ್ಡರುಗಳೊಂದಿಗೆ ಕನ್ನಡದಲ್ಲಿ ಗುಂಪು ಮಾತುಕತೆ ನಡೆದಿದೆ. ಅವರಿಂದ ಅಂಕ ಕೇಳಿಲ್ಲ.

ಮುಂದೆ ತಳ್ಳುವ ಬಲಗಳು

ಅತ್ಯಂತ ಬಲವಾದದ್ದು ಆರ್ಡರುಗಳ ವಿಳಂಬ (ಅಂಕ 5). ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪೂರೈಸಿದ 41 ಆರ್ಡರುಗಳಲ್ಲಿ 17 ತಡವಾದವು. ಅವುಗಳಲ್ಲಿ 11ಕ್ಕೆ ಕಾರಣ ಯಂತ್ರವೂ ಅಲ್ಲ, ಕಾರ್ಮಿಕರ ಕೊರತೆಯೂ ಅಲ್ಲ, ಖರೀದಿಯ ಒಪ್ಪಿಗೆ. ಗೋವಾದ ರೆಸಾರ್ಟ್ ಒಂದಕ್ಕೆ ಹೋಗಬೇಕಿದ್ದ ಬಲ್ಕ್ ಕುಕ್ಕರುಗಳ ಫೈಲಿನಲ್ಲಿ 304 ದರ್ಜೆಯ 1.2 ಮಿ.ಮೀ. ಶೀಟಿಗೆ ಬರೆದ ಚೀಟಿಯೊಂದಿದೆ. ಅದರ ಮೇಲೆ ಮೂರು ಸಹಿಗಳಿವೆ, ಮೂರಕ್ಕೂ ದಿನಾಂಕ ಬೇರೆ ಬೇರೆ. ಎರಡನೆಯ ಸಹಿಯವರು ಪ್ರಮಾಣವನ್ನು ಹೊಡೆದು ಕಡಿಮೆ ಮಾಡಿದ್ದಾರೆ, ಮೂರನೆಯವರು ಅದನ್ನು ಮತ್ತೆ ಮೊದಲಿನಷ್ಟೇ ಮಾಡಿದ್ದಾರೆ. ಚೀಟಿಯ ಹಿಂಬದಿಯಲ್ಲಿ ಸ್ಟೋರ್ ಕೀಪರ್ ಪೆನ್ಸಿಲಿನಲ್ಲಿ ಮರಾಠಿಯಲ್ಲಿ ಬರೆದಿರುವುದು ಎರಡೇ ಪದ: “ಅಣ್ಣಾಂನೀ ಸಾಂಗಿತಲಂ”. ಕೊನೆಗೆ ಶೀಟು ಬಂದದ್ದು ಅಣ್ಣ, ಅಂದರೆ ಸ್ಥಾಪಕರು, ಬಾಯಿಮಾತಿನಲ್ಲಿ ಹೇಳಿದ ಮೇಲೆ, ಮೂರು ಸಹಿಗಳಿಂದಲ್ಲ.

ಎರಡನೆಯದು ಸ್ಥಾಪಕರ ವಯಸ್ಸು ಮತ್ತು ಆರೋಗ್ಯ (4). ಕಳೆದ ಮಳೆಗಾಲದಲ್ಲಿ ಅವರು ಆಸ್ಪತ್ರೆಯಲ್ಲಿದ್ದಾಗ ಎರಡು ಲಕ್ಷ ರೂಪಾಯಿ ಮೀರಿದ ಒಂದು ಚೆಕ್ಕಿಗೂ ಸಹಿ ಬೀಳಲಿಲ್ಲ. ಬ್ಯಾಂಕಿನಲ್ಲಿ ಮಕ್ಕಳಿಗೂ ಸಹಿ ಅಧಿಕಾರವಿತ್ತು, ಬಳಸುವ ಧೈರ್ಯ ಯಾರಿಗೂ ಇರಲಿಲ್ಲ.

ಮೂರನೆಯದು ಪಾವತಿಯ ಗಡುವು (4). ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಸರಕಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಗಡುವು ಮೀರಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದೆಂಬ ಆದಾಯ ತೆರಿಗೆ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಭೋಸರಿಯ ನಮ್ಮ ಪಾಲಿಶಿಂಗ್ ಮತ್ತು ಲೇಸರ್ ಕಟಿಂಗ್ ಜಾಬ್‌ವರ್ಕಿನವರಲ್ಲಿ ಹೆಚ್ಚಿನವರು ಈ ವರ್ಗಕ್ಕೆ ಸೇರಿದವರು. ಬಿಲ್ಲುಗಳು ಖರೀದಿಯ ಮೇಜಿನಲ್ಲಿ ಉಳಿದುಬಿಡುವುದರಿಂದ ಗಡುವು ತಪ್ಪುತ್ತಿದೆ, ಲೆಕ್ಕಪರಿಶೋಧಕರು ಇದನ್ನು ಬರಹದಲ್ಲಿ ತಿಳಿಸಿದ್ದಾರೆ.

ಬ್ಯಾಂಕು ಸಾಲದ ಮಿತಿಯನ್ನು ನವೀಕರಿಸುವಾಗ ಉತ್ತರಾಧಿಕಾರದ ಬಗ್ಗೆ ಕೇಳಿದ್ದು ನಾಲ್ಕನೆಯದು (2). ಸದ್ಯಕ್ಕೆ ಅದು ಕೇವಲ ವಿಚಾರಣೆ.

ಹಿಂದೆ ಹಿಡಿಯುವ ಬಲಗಳು

ಮೊದಲನೆಯದು ಸ್ಥಾಪಕರ ನೇರ ಆಳ್ವಿಕೆ (5). ಪ್ರತಿದಿನ ಬೆಳಿಗ್ಗೆ ಅವರು ಶಾಪ್‌ಫ್ಲೋರಿನಲ್ಲಿ ಒಂದು ಸುತ್ತು ಹಾಕುತ್ತಾರೆ, ಬ್ರೇಕ್ ಪ್ರೆಸ್ಸಿನ ಬಳಿ ನಿಂತು ಅಂದಿನ ಕೆಲಸದ ಸರದಿಯನ್ನು ಬದಲಿಸುತ್ತಾರೆ. ಹಿಂದಿನ ಸಂಜೆ ವರ್ಕ್ಸ್ ಮ್ಯಾನೇಜರ್ ಹಾಕಿದ ಯೋಜನೆ ಅಲ್ಲಿಗೆ ಮುಗಿಯುತ್ತದೆ. ಈ ವಿಷಯ ತೆಗೆದಾಗ ಅವರು ತಮ್ಮ ಕುಂದಾಪುರದ ಮಾತಿನಲ್ಲೇ ಕೇಳಿದರು: “ನನ್ ಕಾರ್ಖಾನೆ ನಾನ್ ಕಾಂಬುಕಾಗ್ದಾ?” ಪ್ರಶ್ನೆ ನ್ಯಾಯವಾದದ್ದು. ಅವರ ಕಣ್ಣಿಗೆ ಬೀಳುವ ವೆಲ್ಡಿಂಗ್ ದೋಷಗಳು ಇನ್ಸ್‌ಪೆಕ್ಷನ್ನಿನವರಿಗೂ ಕಾಣುವುದಿಲ್ಲ ಎಂದು ಸೂಪರ್‌ವೈಸರುಗಳೇ ಒಪ್ಪುತ್ತಾರೆ. ಆದ್ದರಿಂದ ನೋಡುವುದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ನೋಡಿದ್ದನ್ನು ಯಾರಿಗೆ ಹೇಳಬೇಕು ಎಂಬುದು ಬದಲಾಗಬೇಕು.

ಎರಡನೆಯದು ಖರೀದಿ ನೋಡಿಕೊಳ್ಳುತ್ತಿರುವ ಸೋದರಮಾವನವರ ಸ್ಥಾನ (5). ಹೊಸ ರಚನೆಯಂತೆ ಅವರು ತಂಗಿಯ ಮಗಳಿಗೆ ಉತ್ತರ ಹೇಳಬೇಕು. ಚಾರ್ಟ್ ಬರೆದವರು ಇದನ್ನು ಒಂದು ಗೆರೆಯಾಗಿ ಕಂಡಿದ್ದಾರೆ. ಮನೆಯಲ್ಲಿ ಅದು ಗೆರೆಯಾಗಿ ಉಳಿಯುವುದಿಲ್ಲ. ಅವರು ಮದುವೆಯಲ್ಲಿ ಆಕೆಗೆ ಧಾರೆಯ ಸೀರೆ ತಂದ ಮಾವ, ಸಂಸ್ಥೆಯ ಮೊದಲ ಶಿಯರಿಂಗ್ ಮೆಷಿನ್ನಿಗೆ ಊರಿನ ಜಾಗ ಅಡವಿಟ್ಟು ಹಣ ತಂದವರು, ಆದರೂ ಅವರ ಹೆಸರಿನಲ್ಲಿ ಷೇರುಗಳಿಲ್ಲ. ಕುಟುಂಬ, ಒಡೆತನ, ಆಡಳಿತ ಎಂಬ ಮೂರು ವೃತ್ತಗಳಾಗಿ ಕುಟುಂಬ ಉದ್ಯಮವನ್ನು ವಿವರಿಸುವ ಟ್ಯಾಗಿಯುರಿ ಮತ್ತು ಡೇವಿಸ್ ಅವರ ಮಾದರಿಯಲ್ಲಿ ನೋಡಿದರೆ, ಅವರು ಕುಟುಂಬದಲ್ಲಿ ಹಿರಿಯರು, ಆಡಳಿತದಲ್ಲಿ ವಿಭಾಗದ ಮುಖ್ಯಸ್ಥರು, ಒಡೆತನದಲ್ಲಿ ಇಲ್ಲವೇ ಇಲ್ಲ. ಖರೀದಿಯ ಅಧಿಕಾರವೇ ಅವರಿಗೆ ಇಷ್ಟು ವರ್ಷ ಷೇರಿನ ಬದಲಿಗೆ ಸಿಕ್ಕ ಮಾನ. ಅದನ್ನು ತೆಗೆದು ಬದಲಿಗೆ ಏನನ್ನೂ ಕೊಡದಿದ್ದರೆ ಅವರು ಜಗಳ ಮಾಡುವುದಿಲ್ಲ, ಸುಮ್ಮನಾಗುತ್ತಾರೆ; ಶೀಟಿನ ವ್ಯಾಪಾರಿಗಳು ಅವರ ಮುಖ ನೋಡಿ ಕೊಡುತ್ತಿರುವ ಉದ್ದರಿಯೂ ಅವರೊಂದಿಗೇ ಹೋಗುತ್ತದೆ.

ಹೊರಗಿನ ಜನರಲ್ ಮ್ಯಾನೇಜರ್ ಬಗ್ಗೆ ಅಪನಂಬಿಕೆ ಮೂರನೆಯದು (4). ಹಿಂದೆ ಹಾಗೆ ನೇಮಿಸಿಕೊಂಡವರೊಬ್ಬರು ಏಳು ತಿಂಗಳಲ್ಲಿ ಬಿಟ್ಟು ಹೋದರು. ಅವರು ಕೊಟ್ಟ ರಜೆಯನ್ನು ಸ್ಥಾಪಕರು ರದ್ದು ಮಾಡಿದ ದಿನವನ್ನು ಇಡೀ ಕಾರ್ಖಾನೆ ನೆನಪಿಟ್ಟುಕೊಂಡಿದೆ. ಇಪ್ಪತ್ತೆರಡು ವರ್ಷಗಳಿಂದ ಇರುವ ವರ್ಕ್ಸ್ ಮ್ಯಾನೇಜರ್ ಮಾತ್ರ ಹೊಸಬರ ಬಗ್ಗೆ ತಕರಾರು ತೆಗೆಯಲಿಲ್ಲ. ಅವರು ಕೇಳಿದ್ದು, ಆ ಹುದ್ದೆಗೆ ತಮ್ಮ ಹೆಸರನ್ನು ಯಾರಾದರೂ ಯೋಚಿಸಿದ್ದರೇ ಎಂದು. ಮಂಡಳಿಯಲ್ಲಿ ವಿಚಾರಿಸಿದೆ, ಯಾರೂ ಯೋಚಿಸಿರಲಿಲ್ಲ.

ಕುಟುಂಬದವರು ಸಂಬಳವೆಂದು ಪಡೆಯುವುದೆಷ್ಟು, ಮನೆಖರ್ಚಿಗೆಂದು ಪಡೆಯುವುದೆಷ್ಟು ಎಂಬುದು ಪರಸ್ಪರರಿಗೇ ಸ್ಪಷ್ಟವಿಲ್ಲದಿರುವುದು (3), ಮತ್ತು ಟ್ಯಾಲಿಯಲ್ಲಿರುವ ದಾಸ್ತಾನಿಗೂ ಸ್ಟೋರಿನ ಪುಸ್ತಕಕ್ಕೂ ತಾಳೆಯಾಗದಿರುವುದು (2) ಉಳಿದ ಎರಡು. ಅಂಕಗಳನ್ನು ಕೂಡಿಸಿದರೆ ತಳ್ಳುವ ಕಡೆ 15, ಹಿಡಿಯುವ ಕಡೆ 19 ಆಗುತ್ತದೆ. ಈ ಮೊತ್ತಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಗಮನಿಸಬೇಕಾದದ್ದು, 5 ಅಂಕದ ಎರಡು ತಡೆಗಳೂ ಕುಟುಂಬದೊಳಗಿನವು ಮತ್ತು ಸಾಫ್ಟ್‌ವೇರಿನಿಂದಲೋ ಸುತ್ತೋಲೆಯಿಂದಲೋ ಸಡಿಲವಾಗುವಂಥವಲ್ಲ ಎಂಬುದನ್ನು.

ಸಿದ್ಧತೆಯ ಅಂಕಗಳು

ಬದಲಾವಣೆ ಬೇಕೆಂಬ ಪ್ರಶ್ನೆಗೆ ಸೂಪರ್‌ವೈಸರುಗಳ ಸರಾಸರಿ 4.3, ಮುಖ್ಯಸ್ಥರದು 4.1, ಕುಟುಂಬದ್ದು 3.0. ಈ ರಚನೆಯೇ ಸರಿಯೇ, ನಮ್ಮಿಂದ ಆದೀತೇ ಎಂಬ ಎರಡರಲ್ಲೂ ಮೂರು ಗುಂಪುಗಳು 3ರ ಆಸುಪಾಸಿನಲ್ಲಿವೆ. ಮೇಲಿನವರ ಬೆಂಬಲದ ಪ್ರಶ್ನೆಯಲ್ಲಿ ಮಾತ್ರ ಚಿತ್ರ ತಿರುಗಿಬೀಳುತ್ತದೆ: ಕುಟುಂಬ ತನಗೆ ತಾನೇ 4.2 ಕೊಟ್ಟುಕೊಂಡಿದೆ, ಮುಖ್ಯಸ್ಥರು 2.1, ಸೂಪರ್‌ವೈಸರುಗಳು 1.8 ಕೊಟ್ಟಿದ್ದಾರೆ. ಕೆಳಗಿನವರಿಗೆ ಬದಲಾವಣೆ ಬೇಕು, ಆದರೆ ಅದು ಉಳಿಯುತ್ತದೆಂಬ ನಂಬಿಕೆಯಿಲ್ಲ. ನನಗೇನು ಎಂಬ ಪ್ರಶ್ನೆಗೆ ಮುಖ್ಯಸ್ಥರು 2.6 ಕೊಟ್ಟಿರುವುದಕ್ಕೆ ವರ್ಕ್ಸ್ ಮ್ಯಾನೇಜರರ ಪ್ರಸಂಗ ನೇರ ಕಾರಣವೆಂದು ತಿಳಿಯುತ್ತೇನೆ.

ಕಾರ್ಮಿಕರ ಗುಂಪುಗಳಲ್ಲಿ ಆತಂಕ ಒಂದೇ: ಮಗುವಿನ ಶಾಲೆಯ ಫೀಸಿಗೋ ಊರಿನ ಆಸ್ಪತ್ರೆ ಖರ್ಚಿಗೋ ಮುಂಗಡ ಬೇಕಾದಾಗ ಇನ್ನು ಯಾರನ್ನು ಕೇಳಬೇಕು? ಈಗ ಅಣ್ಣನನ್ನು ಕೇಳಿದರೆ ಅಂದೇ ಸಿಗುತ್ತದೆ. ಹೊಸ ಚಾರ್ಟಿನಲ್ಲಿ ಇದಕ್ಕೆ ಉತ್ತರವಿಲ್ಲ.

ಶಿಫಾರಸು

ಏಪ್ರಿಲ್ 1ರಿಂದ ಖರೀದಿ ಮತ್ತು ಸ್ಟೋರ್ಸ್ ಮಾತ್ರ ಬದಲಾಗಲಿ. ದಿನನಿತ್ಯದ ಖರೀದಿಗೆ ಒಬ್ಬ ಕಾರ್ಯನಿರ್ವಾಹಕರನ್ನು ನೇಮಿಸಿ, ಅವರು ಹಣಕಾಸು ನಿರ್ದೇಶಕಿಗೆ ಉತ್ತರ ಹೇಳಲಿ. ₹25,000ದವರೆಗೆ ಸ್ಟೋರ್ಸ್ ಮುಖ್ಯಸ್ಥರ, ₹2 ಲಕ್ಷದವರೆಗೆ ಹಣಕಾಸು ನಿರ್ದೇಶಕಿಯ ಒಂದೇ ಸಹಿ ಸಾಕು. ಮೇಲಿನದಕ್ಕೆ ಇಬ್ಬರು ನಿರ್ದೇಶಕರ ಸಹಿ ಬೇಕು. ಈ ಮಿತಿಗಳು ಮಂಡಳಿಯ ನಿರ್ಣಯವಾಗಿ ದಾಖಲಾಗಲಿ. ಸೋದರಮಾವನವರು ವ್ಯಾಪಾರಿಗಳ ಸಂಬಂಧ ಮತ್ತು ವಾರ್ಷಿಕ ದರದ ಮಾತುಕತೆಯನ್ನು ಮಂಡಳಿಯ ಸಲಹೆಗಾರರಾಗಿ ಮುಂದುವರಿಸಲಿ, ಅಧ್ಯಕ್ಷರಿಗೆ ನೇರವಾಗಿ. ಷೇರಿನ ಪ್ರಶ್ನೆಯನ್ನು ಈ ವರದಿ ಬಗೆಹರಿಸಲಾರದು, ಆದರೆ ಅದನ್ನು ಎತ್ತದೆ ಖರೀದಿಯನ್ನು ಮುಟ್ಟಬಾರದೆಂದು ಸ್ಪಷ್ಟವಾಗಿ ಹೇಳುತ್ತೇನೆ. ಅವರೊಂದಿಗೆ ಮೊದಲು ಮಾತನಾಡಬೇಕಾದವರು ಸ್ಥಾಪಕರು. ನಾನಲ್ಲ, ಮಗಳೂ ಅಲ್ಲ.

ಸ್ಥಾಪಕರ ಬೆಳಗಿನ ಸುತ್ತು ಮುಂದುವರಿಯಲಿ. ಕಂಡದ್ದನ್ನು ಅವರು ವರ್ಕ್ಸ್ ಮ್ಯಾನೇಜರಿಗೆ ಮಾತ್ರ ಹೇಳಲಿ, ಸುತ್ತಿನಲ್ಲಿ ಅವರನ್ನು ಜೊತೆಗೆ ಕರೆದುಕೊಂಡೇ ಹೋಗಲಿ. ಕಾರ್ಮಿಕರ ಮುಂಗಡದ ನಿಧಿ ಅಧ್ಯಕ್ಷರ ಕೈಯಲ್ಲೇ ಇರಲಿ. ಇದು ಆಡಳಿತದ ಶಿಸ್ತಿಗೆ ಪೂರ್ತಿ ಒಪ್ಪುವುದಿಲ್ಲವೆಂದು ಬಲ್ಲೆ, ಆದರೂ ಬೇಕೆಂದೇ ಬಿಟ್ಟಿದ್ದೇನೆ.

ಜನರಲ್ ಮ್ಯಾನೇಜರ್ ನೇಮಕವನ್ನು ಅಕ್ಟೋಬರಿಗೆ ಮುಂದೂಡಿ, ವರ್ಕ್ಸ್ ಮ್ಯಾನೇಜರರನ್ನು ಮೊದಲ ಅಭ್ಯರ್ಥಿಯಾಗಿ ಪರಿಗಣಿಸಬೇಕು. ಬದಲಾವಣೆಯನ್ನು ನೋಟಿಸು ಹಚ್ಚಿ ತಿಳಿಸುವುದು ಬೇಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೃಹಿಣಿಯರ ಆಹಾರ ಪದ್ಧತಿಯ ಕುರಿತು ಲೆವಿನ್ ನಡೆಸಿದ ಪ್ರಯೋಗಗಳಲ್ಲಿ, ಉಪನ್ಯಾಸ ಕೇಳಿದವರಿಗಿಂತ ಗುಂಪಿನಲ್ಲಿ ಚರ್ಚಿಸಿ ತಾವೇ ತೀರ್ಮಾನಿಸಿದವರು ಹೆಚ್ಚು ಸಂಖ್ಯೆಯಲ್ಲಿ ಬದಲಾದರು. ಸಹಿಯ ಮಿತಿಗಳು ಸ್ಟೋರಿನಲ್ಲಿ ಹೇಗೆ ನಡೆಯಬೇಕೆಂಬುದನ್ನು ಸೂಪರ್‌ವೈಸರುಗಳೇ ಫೆಬ್ರವರಿಯಲ್ಲಿ ಕೂತು ಬರೆಯಲಿ.

ಜೂನ್ ಕೊನೆಯಲ್ಲಿ ಬೆಂಬಲದ ಪ್ರಶ್ನೆಯೊಂದನ್ನೇ ಮತ್ತೆ ಕೇಳಲಾಗುವುದು. ಸೂಪರ್‌ವೈಸರುಗಳ ಸರಾಸರಿ 3 ಮುಟ್ಟಿದ್ದು, ಮೂರು ತಿಂಗಳಲ್ಲಿ ಮಿತಿಯನ್ನು ದಾಟಿ ಬಾಯಿಮಾತಿನಲ್ಲಿ ಆದ ಖರೀದಿಗಳು ಐದನ್ನು ಮೀರದಿದ್ದರೆ ಉತ್ಪಾದನೆಯ ಹಂತಕ್ಕೆ ಹೋಗಬಹುದು. ಇಲ್ಲವಾದರೆ ಎರಡನೆಯ ಹಂತವನ್ನು ಅಲ್ಲಿಗೇ ನಿಲ್ಲಿಸಿ, ಅಂಥ ಖರೀದಿಗಳ ಚೀಟಿಗಳನ್ನು ಒಂದೊಂದಾಗಿ ಮಂಡಳಿಯ ಮುಂದಿಡಲಾಗುವುದು.