ಎರಡು ಕೇಬಲ್

ತಾತ ಹೋದ ಮೇಲೆ ರೋಡ್‌ಕಿಂಗ್ ಹಿತ್ತಿಲ ಶೆಡ್ಡಿನಲ್ಲೇ ಉಳಿದಿತ್ತು. 1984ರ ಯೆಜ್ಡಿ ಬೈಕು. ತಾತ ಮೈಸೂರಿನ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೂ ಇದನ್ನು ಮಾರಲಿಲ್ಲ.

"ಗುಜರಿಗೆ ಹಾಕು" ಎಂದಳು ಅಮ್ಮ. ಸಿಂಚನಾ ಕೇಳಲಿಲ್ಲ.

ಟ್ಯಾಂಕಿನ ತುಂಬ ತುಕ್ಕು. ವಿನೆಗರ್, ಒಂದು ಹಿಡಿ ಜಲ್ಲಿ ಹಾಕಿ ಕೈ ಸೋಲುವವರೆಗೆ ಅಲ್ಲಾಡಿಸಿದಳು. ಕಾರ್ಬುರೇಟರ್ ಜೆಟ್ ಕಟ್ಟಿಕೊಂಡಿತ್ತು. ಚುಚ್ಚೋಣವೆಂದು ಪಿನ್ನು ಕೈಗೆತ್ತಿಕೊಂಡದ್ದೇ ತಡ, ಖಾದರ್ ಮೇಸ್ತ್ರಿ ಬೈದರು.

"ತೂತು ದೊಡ್ಡದಾದ್ರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಕಣಮ್ಮ. ಸುಮ್ನೆ ಗಾಳಿ ಹೊಡಿ."

ಇಗ್ನಿಷನ್ ಪಾಯಿಂಟ್ ಕೆಲಸ ಇನ್ನೂ ನಾಜೂಕು. ಗ್ಯಾಪ್ 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ ಎಳೆದಾಗ ಚೂರು ಹಿಡಿಯಬೇಕು, ಸಿಕ್ಕಿಕೊಳ್ಳಬಾರದು. ಸ್ಕ್ರೂ ಬಿಗಿ ಮಾಡುವಷ್ಟರಲ್ಲಿ ಅಳತೆ ಜಾರುತ್ತಿತ್ತು. ಮತ್ತೆ ಸಡಿಲಿಸು, ಮತ್ತೆ ಬಿಗಿ ಮಾಡು. ತಾತ ದಿನಕ್ಕೆ ಎಷ್ಟು ಗಾಡಿಗೆ ಹೀಗೆ ಮಾಡಿರಬಹುದು? ಮನೆಯಲ್ಲಿ ಅವರು ಮಾತಾಡುತ್ತಿದ್ದದ್ದೇ ಕಡಿಮೆ. ಇಡೀ ದಿನ ಇಷ್ಟು ಸಣ್ಣ ಸಂದಿ ನೋಡಿ ಬಂದವರಿಗೆ ಮಾತು ಬೇಕೆನಿಸುತ್ತಿರಲಿಲ್ಲವೇನೋ.

ಕ್ಲಚ್ ಕೇಬಲ್ ಬಿಚ್ಚುವಾಗ ಅದರ ಪಕ್ಕದಲ್ಲೇ ಇನ್ನೊಂದು ಕೇಬಲ್ ಕಂಡಿತು. ಟೇಪು ಸುತ್ತಿ ಹ್ಯಾಂಡಲ್‌ನಿಂದ ಇಂಜಿನ್‌ವರೆಗೆ ಎಳೆದು ಬಿಟ್ಟಿದ್ದರು.

"ಇದ್ಯಾಕೆ ಸಾಬ್ರೇ, ಎರಡು?"

"ದಾರೀಲಿ ಒಂದು ಕಿತ್ಕೊಂಡ್ರೆ ಇನ್ನೊಂದನ್ನ ಸಿಕ್ಕಿಸಿದ್ರಾಯ್ತು. ದೂರ ಹೋಗೋರು ಹೀಗೆ ಕಟ್ಕೋತಿದ್ರು."

ತಾತ ಮಾರ್ಕೆಟ್ಟು ಬಿಟ್ಟರೆ ಎಲ್ಲಿಗೂ ಹೋದವರಲ್ಲ ಎಂದೇ ಅವಳು ನಂಬಿದ್ದಳು. ಅಜ್ಜಿಯನ್ನು ಕೇಳಿದಳು.

"ಹಾಸನಕ್ಕೆ ಹೋಗ್ತಿದ್ರು" ಎಂದರು ಅಜ್ಜಿ, ಅವರೆಕಾಯಿ ಸುಲಿಯುತ್ತಾ. "ನಿಮ್ಮಮ್ಮ ಅಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಗ. ರಜಾ ದಿನ ಬೆಳಿಗ್ಗೆ ಹೊರಟ್ರೆ ಕತ್ತಲಾದ್ಮೇಲೆ ಬರೋರು. ಅವಳಿಗೆ ಹೇಳ್ಬೇಡ ಅಂದಿದ್ರು."

ಹಾಸ್ಟೆಲಿಗೆ ಕಳಿಸಲ್ಲ ಎಂದು ಹಟ ಹಿಡಿದು, ಆ ಜಗಳದಲ್ಲಿ ಮಗಳ ಜೊತೆ ಮಾತೇ ಬಿಟ್ಟಿದ್ದರಲ್ಲ ತಾತ! ಆ ಕಥೆ ಸಿಂಚನಾಗೆ ಗೊತ್ತಿತ್ತು. ಅದರ ಇನ್ನರ್ಧ ಗೊತ್ತಿರಲಿಲ್ಲ.

ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಆಯಿಲ್ ಬೆರೆಸಿ ಟ್ಯಾಂಕಿಗೆ ಸುರಿದಳು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಎಡಗಾಲಲ್ಲಿ ಹೊಡೆಯಬೇಕು. ಎಷ್ಟೋ ಸಲ ಒದ್ದ ಮೇಲೆ ಎರಡೂ ಸೈಲೆನ್ಸರ್‌ಗಳಿಂದ ನೀಲಿ ಹೊಗೆ ಬಂತು. ಬೀದಿ ನಾಯಿಗಳೆಲ್ಲ ಎದ್ದವು.

ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ಸಿಂಚನಾ ಹಾಸನದ ವಿಷಯ ಹೇಳಿದಳು.

"ನಂಗೂ ಅಲ್ಲಿ ಈ ಸದ್ದು ಕೇಳ್ತಿತ್ತು" ಎಂದಳು ಅಮ್ಮ. "ಎಲ್ಲರ ಹತ್ರಾನೂ ಇದೇ ಗಾಡಿ ಅಲ್ವಾ, ಯಾರೋ ಅಂದ್ಕೊಂಡಿದ್ದೆ." ಆಮೇಲೆ ಅವಳಿಗೆ ಸಿಟ್ಟು ಬಂತು. "ಅಷ್ಟು ದೂರ ಬಂದವರಿಗೆ ಗೇಟಿನೊಳಗೆ ಬರೋಕೆ ಏನಾಗಿತ್ತಂತೆ?"

"ಅವರನ್ನೇ ಕೇಳ್ಬೇಕಿತ್ತು" ಎಂದರು ಅಜ್ಜಿ ಒಳಗಿನಿಂದ. "ಮೊದಲು ಆ ಗಾಡಿ ಆಫ್ ಮಾಡ್ರೇ, ಮನೆಯೆಲ್ಲ ಹೊಗೆ!"